ಜೇವರ್ಗಿಯ ಅರ್ಕಾವತ್ತು ಎಲ್ಲಿ ಒತ್ತಬೇಕು?

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನ ಕೊಳಕೂರದವನು. ಊರವರ ಅರ್ಜಿಗಳನ್ನು ನುಡಿ ಕೀಲಿಮಣೆಯಲ್ಲಿ ಟೈಪ್ ಮಾಡಿಕೊಡುತ್ತೇನೆ. ಒತ್ತಕ್ಷರ ಬಂದಾಗ ಕೈ ತಡವರಿಸುತ್ತದೆ. ‘ಜೇವರ್ಗಿ’ ಎಂಬ ನಮ್ಮ ತಾಲ್ಲೂಕಿನ ಹೆಸರೇ ಒಮ್ಮೊಮ್ಮೆ ಸರಿಯಾಗಿ ಬರುವುದಿಲ್ಲ. ಹಿಂದಿಯಲ್ಲಿ ಇರುವಂತೆ ಅರ್ಧ ಅಕ್ಷರಕ್ಕೆ ಬೇರೆ ಕೀಲಿ ಇದೆಯೇ?

ಉತ್ತರ: ಬೇರೆ ಬೇರೆ ಅರ್ಧ ಅಕ್ಷರಗಳಿಗೆ ಬೇರೆ ಬೇರೆ ಕೀಲಿಗಳಿಲ್ಲ. ಎಲ್ಲಕ್ಕೂ ಇರುವುದು ಒಂದೇ ಕೀಲಿ, `f`. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿಗಳಿಗೆಲ್ಲ ಬಂದ ಈ ವಿನ್ಯಾಸದಲ್ಲಿ `k` ಒತ್ತಿದರೆ ‘ಕ’ ಬರುತ್ತದೆ. ಅಂದರೆ ಅಕಾರ ಅದರೊಳಗೇ ಕೂತಿರುತ್ತದೆ. ಆ ಅಕಾರವನ್ನು ತೆಗೆಯುವ ಕೆಲಸ `f`ನದು. `kf` ಒತ್ತಿದರೆ ‘ಕ್’. ಅದರ ಬೆನ್ನಿಗೇ ಇನ್ನೊಂದು ವ್ಯಂಜನ ಬಂದರೆ ಅದು ಒತ್ತಾಗಿ ಕೆಳಗೆ ಇಳಿಯುತ್ತದೆ: `kfk` ಎಂದರೆ ‘ಕ್ಕ’. ನಮ್ಮ ‘ಫ’ ಅಕ್ಷರಕ್ಕೆ ದೊಡ್ಡ `P` ಇರುವುದರಿಂದ `f` ಬೇರೆ ಯಾವ ಅಕ್ಷರಕ್ಕೂ ಬೇಕಾಗಿಲ್ಲ. ಎಡಗೈಯ ತೋರುಬೆರಳು ಸದಾ ಇರುವ ಜಾಗವೂ ಅದೇ. ಇಷ್ಟು ಸಲ ಒತ್ತಬೇಕಾದ ಕೀಲಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. (ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇದೇ ಕೆಲಸ `d` ಕೀಲಿಯದು.)

ನಿಮ್ಮ ಕೈ ತಡವರಿಸಲು ಕಾರಣ ಹಿಂದಿ, ಮರಾಠಿಯ ಅಭ್ಯಾಸ ಇರಬಹುದು. ನಿಮ್ಮ ಕಡೆ ಎರಡನ್ನೂ ಓದುವವರು ಬಹಳ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಅರ್ಧವಾಗುತ್ತದೆ, ಎರಡನೆಯದು ಇಡಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ತದ್ವಿರುದ್ಧ: ಮೊದಲನೆಯದು ಇಡಿಯಾಗಿ ನಿಂತು, ಎರಡನೆಯದು ಒತ್ತಾಗುತ್ತದೆ. ಅಷ್ಟೇ ಆಗಿದ್ದರೆ ಗೊಂದಲ ಇರುತ್ತಿರಲಿಲ್ಲ. ಕನ್ನಡದಲ್ಲಿ ಸ್ವರದ ಗುರುತೂ ಮೊದಲ ಅಕ್ಷರಕ್ಕೇ ಅಂಟಿಕೊಳ್ಳುತ್ತದೆ. ‘ಶಕ್ತಿ’ ಬರೆಯುವಾಗ ಕಣ್ಣಿಗೆ ಕಾಣುವುದು ‘ಕಿ’, ಅದರ ಕೆಳಗೆ ತಕಾರದ ಒತ್ತು. ಕಣ್ಣನ್ನು ನಂಬಿದವರು `ki` ಒತ್ತಿ ಆಮೇಲೆ ಒತ್ತು ಹುಡುಕುತ್ತಾರೆ. ಸ್ವರ ಬಂದ ಮೇಲೆ `f`ಗೆ ತೆಗೆಯಲು ಅಕಾರವೇ ಇರುವುದಿಲ್ಲ. ಆಗ ಒತ್ತು ಕೂಡುವುದಿಲ್ಲ, ಕೆಲವು ಕಡೆ ಚುಕ್ಕೆಗಳ ಒಂದು ಸಣ್ಣ ವೃತ್ತವೂ ಕಾಣಿಸುತ್ತದೆ. ಆ ವೃತ್ತ ಕಂಡರೆ ಸ್ವರವನ್ನು ಮುಂಚೆಯೇ ಒತ್ತಿದ್ದೀರಿ ಎಂದು ತಿಳಿಯಿರಿ.

ಹಾಗಾಗಿ ನೋಡಿದ ಕ್ರಮ ಬಿಟ್ಟು ನುಡಿದ ಕ್ರಮದಲ್ಲಿ ಒತ್ತಬೇಕು. ಬಾಯಲ್ಲಿ ಶ, ಕ್, ತಿ ಎನ್ನುತ್ತೀರಿ. ಬೆರಳೂ ಅದನ್ನೇ ಹೇಳಲಿ. ನಿಮ್ಮ ಕೆಲಸದಲ್ಲಿ ಬರುವ ಕೆಲವು ಹೆಸರುಗಳನ್ನೇ ಹಾಗೆ ಒತ್ತಿ ನೋಡೋಣ:

```
ಶಕ್ತಿ        S k f t i
ಯಡ್ರಾಮಿ      y w f r A m i
ದತ್ತಾತ್ರೇಯ    d t f t A t f r E y
ಮಹಾರಾಷ್ಟ್ರ   m h A r A x f q f r
ಜೇವರ್ಗಿ       j E v r f g i
```

‘ಮಹಾರಾಷ್ಟ್ರ’ದಲ್ಲಿ ಷ, ಟ, ರ ಎಂಬ ಮೂರು ವ್ಯಂಜನ ಕೂಡುತ್ತವೆ, ಅವುಗಳ ನಡುವೆ ಎರಡು `f`. ಎಷ್ಟೇ ವ್ಯಂಜನ ಕೂಡಲಿ, ಪ್ರತಿ ಎರಡರ ನಡುವೆ ಒಂದು `f` ಬರುತ್ತದೆ, ಸ್ವರ ಕೊನೆಗೆ ಒಂದೇ ಸಲ. ‘ಸ್ತ್ರೀ’ಯ ದೀರ್ಘ ಸಕಾರದ ಮೇಲೆ ಕಂಡರೂ ಒತ್ತುವುದು `sftfrI` ಎಂದೇ. ಇನ್ನು ‘ಕೃ’ ಒತ್ತಕ್ಷರವಲ್ಲ, ಅಲ್ಲಿ ಋ ಎಂಬ ಸ್ವರ ಇದೆ. ಆದ್ದರಿಂದ ಅದಕ್ಕೆ `kR`. ‘ಕ್ರ’ಕ್ಕೆ ಮಾತ್ರ `kfr`.

ಈಗ ಜೇವರ್ಗಿಗೆ ಬರೋಣ. ಅರ್ಕಾವತ್ತು ಗಕಾರದ ಬಲಕ್ಕೆ ಕಾಣುತ್ತದೆ, ನುಡಿಯುವುದು ಮಾತ್ರ ಗಕಾರಕ್ಕೆ ಮುಂಚೆ. ಆದ್ದರಿಂದ `rf` ಮೊದಲು, `gi` ಆಮೇಲೆ. `f` ಒತ್ತಿದ ಕ್ಷಣ ಪರದೆಯ ಮೇಲೆ ‘ಜೇವರ್’ ಎಂದಿರುತ್ತದೆ. `g` ಬಿದ್ದ ಕೂಡಲೇ ಆ ರಕಾರ ತಾನಾಗಿ ಹಾರಿ ಗಕಾರದ ಬಲಕ್ಕೆ ಹೋಗಿ ಕೂರುತ್ತದೆ. ಹೊಸಬರು ಅಲ್ಲಿ ಬೆದರಿ ಅಳಿಸಿಬಿಡುತ್ತಾರೆ. ಅಳಿಸಬೇಡಿ, ಅದು ಸರಿಯಾಗಿಯೇ ನಡೆಯುತ್ತಿದೆ.

ಇಲ್ಲಿ ಬಹಳ ಜನ ಹಿಡಿದಿರುವ ಒಂದು ಅಡ್ಡದಾರಿ ಇದೆ. ಕನ್ನಡದ ಒಂಬತ್ತರ ಅಂಕಿ ‘೯’ ಅರ್ಕಾವತ್ತಿನ ಹಾಗೆಯೇ ಕಾಣುವುದರಿಂದ ‘ಜೇವಗಿ’ ಎಂದು ಒತ್ತಿ ಪಕ್ಕಕ್ಕೆ ೯ ಇಡುತ್ತಾರೆ: ‘ಜೇವಗಿ೯’. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಕಡತದಲ್ಲಿ ಅದು ಬೇರೆಯೇ ಪದ. ನೂರಾರು ಹೆಸರಿನ ಪಟ್ಟಿಯಲ್ಲಿ ‘ಜೇವರ್ಗಿ’ ಎಂದು ಹುಡುಕಿದರೆ ಆ ಸಾಲು ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ತನ್ನ ಜಾಗದಲ್ಲಿ ಬರುವುದಿಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ಹೀಗಾದರೆ ಒಬ್ಬ ಮನುಷ್ಯನ ಹೆಸರೇ ಇಲ್ಲದಂತಾಗುತ್ತದೆ. ಇದನ್ನು ನಾನು ಸಣ್ಣ ತಪ್ಪು ಎಂದು ಎಣಿಸುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಪದದ ಕೊನೆಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದೊಂದಾಗಿ ಒತ್ತಿ. ಸರಿಯಾದ ‘ಜೇವರ್ಗಿ’ಯಲ್ಲಿ ಮೊದಲು ಗುಡಿಸು ಹೋಗಿ ‘ಜೇವರ್ಗ’ ಉಳಿಯುತ್ತದೆ, ಆಮೇಲೆ ಗಕಾರ ಹೋಗಿ ‘ಜೇವರ್’. ತಪ್ಪಾಗಿದ್ದರೆ ಮೊದಲ ಏಟಿಗೇ ೯ ಮಾಯವಾಗಿ ‘ಜೇವಗಿ’ ಉಳಿಯುತ್ತದೆ. ಈ ಪರೀಕ್ಷೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಬರಹಕ್ಕೆ ಮಾತ್ರ. ಹಳೆಯ ನುಡಿ ಫಾಂಟಿನ ಕಡತಗಳಲ್ಲಿ ಅಕ್ಷರದ ತುಂಡುಗಳು ಬೇರೆ ಬೇರೆಯಾಗಿ ಕೂತಿರುವುದರಿಂದ, ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇನ್ನು ಒತ್ತಾಗಬಾರದ ಕಡೆ. ‘ತಹಶೀಲ್ದಾರ್’ ಎಂದು `thSIlfdArf` ಒತ್ತಿ ಜಾಗ ಬಿಟ್ಟರೆ ಕೊನೆಯ ‘ರ್’ ಹಾಗೇ ನಿಲ್ಲುತ್ತದೆ. ಆದರೆ ಅರ್ಜಿಯಲ್ಲಿ ವಿಭಕ್ತಿ ಸೇರಿಸಿ ‘ತಹಶೀಲ್ದಾರ್‌ಗೆ’ ಎನ್ನಬೇಕಲ್ಲ? ನೇರವಾಗಿ `ge` ಒತ್ತಿದರೆ ‘ತಹಶೀಲ್ದಾರ್ಗೆ’ ಎಂದು ಅರ್ಕಾವತ್ತು ಬಂದುಬಿಡುತ್ತದೆ. ರಕಾರ ಮತ್ತು ಗಕಾರದ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಇಡಬೇಕು. ಈ ವಿನ್ಯಾಸದ ಹಲವು ತಂತ್ರಾಂಶಗಳಲ್ಲಿ `f` ಎರಡು ಸಲ ಒತ್ತಿದರೆ ಆ ತಡೆ ಬೀಳುತ್ತದೆ: `thSIlfdArffge`. ನಿಮ್ಮಲ್ಲಿ ಹಾಗಾಗದಿದ್ದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ರ್’ ಆದ ಮೇಲೆ ಇಂಗ್ಲಿಷಿನಲ್ಲಿ `200C` ಬರೆದು `Alt+X` ಒತ್ತಿ, ಬಳಿಕ ಕನ್ನಡಕ್ಕೆ ಮರಳಿ `ge` ಒತ್ತಿ. ಅಲ್ಲಿ ಜಾಗ ಬಿಡುವ ಅಭ್ಯಾಸ ಬೇಡ, ಪದ ಎರಡಾಗಿ ಸಾಲಿನ ಕೊನೆಯಲ್ಲಿ ಮುರಿಯುತ್ತದೆ.

‘ರ‍್ಯಾಂಕ್’ ಬೇರೆ ಬಗೆ. ಅಲ್ಲಿ ಒತ್ತು ಬೇಕು, ಅರ್ಕಾವತ್ತು ಬೇಡ. ಅದಕ್ಕೆ ರಕಾರವಾದ ಕೂಡಲೇ, `f`ಗೂ ಮುಂಚೆ, ಇನ್ನೊಂದು ಕಾಣದ ಗುರುತು ಬರಬೇಕು. ವರ್ಡ್‌ನಲ್ಲಿ ಅದರ ಸಂಖ್ಯೆ `200D`. ಒತ್ತುವ ರೀತಿ ಮೇಲಿನಂತೆಯೇ `Alt+X`. ಆಮೇಲೆ `f`, `y`, `A`.

ನಿಮ್ಮ ಹಳೆಯ ಪಟ್ಟಿಗಳಲ್ಲಿ ೯ ನುಸುಳಿದೆಯೋ ಎಂದು ಒಮ್ಮೆ ನೋಡಿಬಿಡಿ. ‘ಜೇವಗಿ೯’ ಎಂದು ಇಡೀ ಪದವನ್ನೇ ಹುಡುಕಿ ‘ಜೇವರ್ಗಿ’ ಎಂದು ಬದಲಿಸಿ. ಬರೀ ೯ ಹುಡುಕಿ ಒಟ್ಟಿಗೆ ಬದಲಿಸಲು ಹೋಗಬೇಡಿ, ಸರ್ವೆ ನಂಬರುಗಳೂ ತಾರೀಖುಗಳೂ ಕೆಡುತ್ತವೆ.