ಅರ್ಜಿಯ ಜೊತೆಗಿನ ಪತ್ರ: ಬೋರಾಮಣಿಯ ಮಕ್ಕಳಿಗೊಂದು ಕಿವಿಮಾತು

ವಿದ್ಯಾರ್ಥಿವೇತನ ಕೇಳಿ ಸೊಲ್ಲಾಪುರದ ಯಾವುದೋ ಟ್ರಸ್ಟಿಗೆ ಪತ್ರ ಬರೆಯಲು ಕೂತಿದ್ದೀರಿ. ಮೊದಲ ಸಾಲಿಗೇ "ನಾವು ಕಡು ಬಡವರು, ದಯಮಾಡಿ ಕೈಹಿಡಿಯಿರಿ" ಎಂದು ಬರೆದಿದ್ದೀರಲ್ಲವೇ? ಅದನ್ನು ಹೊಡೆದುಹಾಕಿ. ಅತ್ತೂ ಕರೆದೂ ಔತಣ ಹೇಳಿಸಿಕೊಂಡರಂತೆ ಎನ್ನುವ ಮಾತು ನಿಮಗೇಕೆ ಬರಬೇಕು? ಪತ್ರ ಓದುವವರ ಮುಂದೆ ಅಂಥ ಪತ್ರಗಳ ರಾಶಿಯೇ ಇರುತ್ತದೆ. ಎಲ್ಲರೂ ಬಡವರೇ. ಯಾರಿಗೆ ಎಷ್ಟು ಕಡಿಮೆ ಬಿದ್ದಿದೆ ಎಂಬುದಷ್ಟೇ ಅವರಿಗೆ ಬೇಕು.

ಆದ್ದರಿಂದ ಲೆಕ್ಕ ಬರೆಯಿರಿ. ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ ಒಬ್ಬಳು ಇದ್ದಾಳೆ ಅಂದುಕೊಳ್ಳಿ. ಹನ್ನೆರಡನೆಯವರೆಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಎಸ್‌ಟಿ ಬಸ್ಸಿನ ಪಾಸು ಪುಕ್ಕಟೆ ಇತ್ತು. ಡಿಗ್ರಿಗೆ ಬಂದ ಮೇಲೆ ರಿಯಾಯಿತಿ ಇದ್ದರೂ ದುಡ್ಡು ಕಟ್ಟಬೇಕು. ಅವಳು ಹೀಗೆ ಬರೆಯಬಹುದು: "ಕಾಲೇಜಿನ ಫೀ 9,000. ಬಸ್ ಪಾಸು ತಿಂಗಳಿಗೆ 600ರಂತೆ ಹತ್ತು ತಿಂಗಳಿಗೆ 6,000. ಪುಸ್ತಕ, ಪರೀಕ್ಷಾ ಶುಲ್ಕ 5,000. ಒಟ್ಟು 20,000. ಮನೆಯಿಂದ 7,000 ಕೊಡುತ್ತಾರೆ. ಊರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಾನು 5,000 ಗಳಿಸುತ್ತೇನೆ. ಉಳಿದ 8,000 ರೂಪಾಯಿಗಾಗಿ ಈ ಅರ್ಜಿ." ನಿಮ್ಮ ಅಂಕಿ ಬೇರೆ ಇರುತ್ತದೆ, ರಸೀದಿ ನೋಡಿಯೇ ಹಾಕಿ. ಇದರಲ್ಲಿ ಎಲ್ಲಾದರೂ ಕಣ್ಣೀರಿದೆಯೇ? ಇಲ್ಲ. ಆದರೆ ಕಷ್ಟ ಪೂರ್ತಿ ಕಾಣುತ್ತದೆ. ಮನೆಯವರೂ ನೀವೂ ಕೈಲಾದಷ್ಟು ಹಾಕಿದ್ದೀರಿ ಎಂಬುದೂ ಕಾಣುತ್ತದೆ. ಬೇರೆ ಕಡೆ ಅರ್ಜಿ ಹಾಕಿದ್ದರೆ, ಸರ್ಕಾರದ ಮಹಾಡಿಬಿಟಿ ಹಣ ಬರುವುದಿದ್ದರೆ, ಅದನ್ನೂ ಇಲ್ಲೇ ಹೇಳಿಬಿಡಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಪತ್ರದ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಇನ್ನು ಆದಾಯದ ಮಾತು. ಇಲ್ಲೇ ಬಹಳ ಮಕ್ಕಳು ಎಡವುವುದು. "ಅವ್ವ ದಿನಕ್ಕೆ 300 ರೂಪಾಯಿ ಕೂಲಿಗೆ ಹೋಗುತ್ತಾಳೆ" ಎಂದಷ್ಟೇ ಬರೆದು ಸುಮ್ಮನಾಗುತ್ತೀರಿ. ಓದುವವರು ಪೇಟೆಯವರು. ಅದನ್ನು 365ರಿಂದ ಗುಣಿಸಿದರೆ ಲಕ್ಷ ದಾಟುತ್ತದೆ. ನೀವು ಲಗತ್ತಿಸಿದ ತಹಸೀಲ್ದಾರರ ಉತ್ಪನ್ನದ ದಾಖಲೆಯಲ್ಲಿ 60,000 ಇರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ನಿಮ್ಮದು ಸುಳ್ಳು ಎಂದು ಪತ್ರ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಮಾತು ಸುಳ್ಳಲ್ಲ, ಅರ್ಧ ಅಷ್ಟೇ. "ಕಳೆ ತೆಗೆಯುವುದು, ಜೋಳದ ಕೊಯ್ಲು ಸೇರಿ ವರ್ಷಕ್ಕೆ ಸುಮಾರು 120 ದಿನ ಕೂಲಿ ಸಿಗುತ್ತದೆ, ಅದು 36,000. ಎರಡು ಎಕರೆ ಒಣಬೇಸಾಯದ ತೊಗರಿ, ಜೋಳದಿಂದ ಖರ್ಚು ಕಳೆದು 24,000" ಎಂದು ಬರೆದರೆ ದಾಖಲೆಗೂ ಪತ್ರಕ್ಕೂ ತಾಳೆಯಾಗುತ್ತದೆ. ದಾಖಲೆಯ ವರ್ಷವನ್ನೂ ನೋಡಿಕೊಳ್ಳಿ. ಹೋದ ಸಲದ್ದನ್ನೇ ಝೆರಾಕ್ಸ್ ಮಾಡಿಸಿ ಹಚ್ಚುವ ಚಾಳಿ ಬಿಡಿ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆಯ ಅಡ್ಡಹೆಸರು, ಆಧಾರದಲ್ಲಿ ಇನ್ನೊಂದು ಬಗೆ ಇದ್ದರೆ ಪತ್ರದಲ್ಲಿ ಒಂದು ಸಾಲಿನಲ್ಲಿ ತಿಳಿಸಿ.

ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನೀವು. ಇದನ್ನು ಗೋಳಾಗಿ ಹೇಳಬೇಡಿ, ಬಿರುದಾಗಿಯೂ ಹೇಳಬೇಡಿ. ಅದರಿಂದ ಏನಾಯಿತು ಎಂದು ಹೇಳಿ. "ಫಾರ್ಮಿನ ಕೊನೆಯ ತಾರೀಖು ಇರುತ್ತದೆಂದು ಹೇಳುವವರು ಮನೆಯಲ್ಲಿ ಇರಲಿಲ್ಲ. ಮೊದಲ ವರ್ಷದ ಅರ್ಜಿ ತಪ್ಪಿತು. ಈ ವರ್ಷ ನಾನೇ ತುಂಬಿದೆ, ಓಣಿಯ ಇಬ್ಬರದ್ದನ್ನೂ ತುಂಬಿಕೊಟ್ಟೆ." ನಡೆದಿದ್ದರೆ ಮಾತ್ರ ಬರೆಯಿರಿ. ಅವ್ವ ಅಪ್ಪನನ್ನು "ಅನಕ್ಷರಸ್ಥರು, ಏನೂ ತಿಳಿಯದವರು" ಎಂದು ಬರೆಯುವುದು ನನಗೆ ಸುತರಾಂ ಸೇರುವುದಿಲ್ಲ. ನಿಮ್ಮ ಪತ್ರವನ್ನು ಯಾರಾದರೂ ಅವರೆದುರು ಗಟ್ಟಿಯಾಗಿ ಓದಿದರೆ ಅವರು ತಲೆ ತಗ್ಗಿಸುವಂತಿರಬಾರದು.

ಮುಂದೇನು ಮಾಡುತ್ತೀರಿ ಎಂಬ ಭಾಗಕ್ಕೆ "ದೇಶಸೇವೆ" ಎಂಬ ಕನ್ನಡಿಯೊಳಗಿನ ಗಂಟು ಬೇಡ. ಹತ್ತಿರದ ಮೆಟ್ಟಿಲು ತೋರಿಸಿ: "ಬಿ.ಎಸ್ಸಿ. ಗಣಿತ ಮುಗಿಸಿ ಎರಡು ವರ್ಷದ ಬಿ.ಎಡ್. ಮಾಡುತ್ತೇನೆ. ಅಕ್ಕಲಕೋಟೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಬೇಕೆಂದಿದ್ದೇನೆ. ಈಗಲೇ ಏಳು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ." ಕೊನೆಯ ಆ ಸಾಲೇ ಮೊದಲಿನೆರಡಕ್ಕೆ ಸಾಕ್ಷಿ.

ಭಾಷೆಯದ್ದೊಂದು ತೊಡಕು ನಮ್ಮ ಕಡೆಯವರಿಗೆ ಇದ್ದೇ ಇದೆ. ಕಲಿತದ್ದು ಕನ್ನಡದಲ್ಲಿ, ಪತ್ರ ಬೇಕಾಗಿರುವುದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ. ಗೆಳತಿಯಿಂದ ಅಲಂಕಾರದ ಮರಾಠಿಯಲ್ಲಿ ಬರೆಸಿಕೊಳ್ಳಬೇಡಿ, ಸಂದರ್ಶನದಲ್ಲಿ ಆ ಮಾತು ನಿಮ್ಮ ಬಾಯಿಗೆ ಬರುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು, ನೀವೇ ಸರಳವಾಗಿ ಆ ಭಾಷೆಗೆ ತನ್ನಿ. ಗುರುಗಳಿಂದ ತಪ್ಪುಗಳನ್ನಷ್ಟೇ ತಿದ್ದಿಸಿ. ಒಂದೂವರೆ ಪುಟ ಮೀರದಿರಲಿ.

ಕೆಳಗೆ ಫೋನ್ ನಂಬರು ಬರೆಯುವಾಗ ಯೋಚಿಸಿ. ಮನೆಗೆಲ್ಲ ಒಂದೇ ಫೋನಿದ್ದು, ಅದು ಹಗಲೆಲ್ಲ ಹೊಲದಲ್ಲಿ ಅಪ್ಪನ ಜೇಬಿನಲ್ಲಿದ್ದರೆ, ಗುರುಗಳನ್ನು ಕೇಳಿ ಅವರ ನಂಬರನ್ನೂ ಹಾಕಿ. ಅಪ್ಪನಿಗೂ ಟ್ರಸ್ಟಿನ ಹೆಸರು ಹೇಳಿಟ್ಟಿರಿ, ಕರೆ ಬಂದರೆ ರಾಂಗ್ ನಂಬರ್ ಎಂದು ಇಟ್ಟುಬಿಟ್ಟಾರು.