ವಾರ್ಡ್ ಯಾರು ನೋಡಿಕೊಳ್ಳುತ್ತಾರೆ?

ಪ್ರೀತಿಯ ತಂಗಿ,

ಆಡಳಿತಾಧಿಕಾರಿಗೆ ಕೊಡಲು ಬರೆದ ನಿನ್ನ ಪತ್ರದ ಕರಡು ಓದಿದೆ. ಸರ್ಜಿಕಲ್ ವಾರ್ಡಿನಲ್ಲಿ ಕ್ಯಾನುಲಾ ಹಾಕಿದ ಕೈ ಎಷ್ಟು ಸಲ ಕೆಂಪಾಗಿ ಬಾತುಕೊಳ್ಳುತ್ತದೆ ಎಂದು ನೀನು ತಿಂಗಳುಗಟ್ಟಲೆ ಲೆಕ್ಕ ಇಟ್ಟೆ, ಅದೀಗ ನರ್ಸಿಂಗ್ ಸಂಶೋಧನಾ ಸಮ್ಮೇಳನದಲ್ಲಿ ಪೋಸ್ಟರ್ ಆಗಿ ಆಯ್ಕೆಯಾಗಿದೆ. ತುಂಬ ಸಂತೋಷವಾಯಿತು. ಆದರೆ ಈ ಪತ್ರವನ್ನು ಹೀಗೇ ಕೊಡಬೇಡ. ಒಂದೂವರೆ ಪುಟ ನಮ್ಮ ವೃತ್ತಿಯ ಹಿರಿಮೆ ಬರೆದಿದ್ದೀಯ. ಯಾವ ತಾರೀಖು, ಎಷ್ಟು ದುಡ್ಡು ಅನ್ನುವುದು ಕೊನೆಯ ಎರಡು ಸಾಲಿನಲ್ಲಿದೆ.

ನಾನೂ ಮೊದಲ ಸಲ ಹೀಗೇ ಬರೆದಿದ್ದೆ. ಆಡಳಿತಾಧಿಕಾರಿ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಾರ್ಡ್ ಯಾರು ನೋಡಿಕೊಳ್ಳುತ್ತಾರೆ?’ ಎಂದಷ್ಟೇ ಬರೆದು ವಾಪಸ್ ಕಳಿಸಿದರು. ಅವತ್ತು ಅಳು ಬಂದಿತ್ತು. ಮುಂದೆ ನಾನೇ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ಡ್ಯೂಟಿ ರೋಸ್ಟರ್ ಹಾಕಲು ಕೂತಾಗ, ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು ಎಂದು ತಿಳಿಯಿತು.

ಹಾಗಾಗಿ ಅಲ್ಲಿಂದಲೇ ಶುರುಮಾಡು. ಸಮ್ಮೇಳನ ಇರುವುದು ಶುಕ್ರವಾರ, ಶನಿವಾರ. ಗುರುವಾರ ಬೆಳಗಿನ ಶಿಫ್ಟ್ ಮುಗಿಸಿ ರಾತ್ರಿ ರೈಲು ಹತ್ತಿದರೆ, ಭಾನುವಾರ ನಿನ್ನ ವಾರದ ರಜೆಯಾದರೆ, ವಾರ್ಡಿಗೆ ತಪ್ಪುವುದು ಎರಡೇ ಡ್ಯೂಟಿ. ಆ ಎರಡು ಡ್ಯೂಟಿ ಯಾರು ಮಾಡುತ್ತಾರೆ, ಬದಲಿಗೆ ಅವರ ಯಾವ ಡ್ಯೂಟಿ ನೀನು ಮಾಡುತ್ತೀಯ ಎಂದು ಬರೆದು, ಅವರ ಸಹಿಯನ್ನೂ ವಾರ್ಡ್ ಇನ್‌ಚಾರ್ಜ್ ಸಹಿಯನ್ನೂ ಹಾಕಿಸು. ಆ ತಿಂಗಳ ರೋಸ್ಟರ್ ಹಾಕುವ ಮೊದಲೇ ಪತ್ರ ಮೇಜಿಗೆ ಹೋಗಲಿ. ರೋಸ್ಟರ್ ಗೋಡೆಗೆ ಅಂಟಿದ ಮೇಲೆ ಕೇಳಿದರೆ, ಮನಸ್ಸಿದ್ದವರೂ ‘ಆಗಲ್ಲ ಸಿಸ್ಟರ್’ ಅನ್ನುತ್ತಾರೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಶಿಫಾರಸಿನೊಂದಿಗೇ ಮೇಲೆ ಹೋಗಲಿ. ಅವರನ್ನು ದಾಟಿ ಹೋದ ಪತ್ರ ಅವರ ಅಭಿಪ್ರಾಯ ಕೇಳಿಕೊಂಡು ಮತ್ತೆ ಕೆಳಗೇ ಬರುತ್ತದೆ.

‘ರಜೆ ಮತ್ತು ಪ್ರಾಯೋಜಕತ್ವ’ ಎಂದು ಒಂದೇ ಉಸಿರಿನಲ್ಲಿ ಕೇಳಿದ್ದೀಯ. ಬಿಡಿಸಿ ಕೇಳು. ಮೊದಲನೆಯದು ಎರಡು ದಿನದ ಓಓಡಿ. ಆಸ್ಪತ್ರೆಯ ಕೆಲಸವನ್ನೇ ತೋರಿಸಲು ಹೋಗುತ್ತಿರುವಾಗ ನಿನ್ನ ಸಿ.ಎಲ್. ಏಕೆ ಖರ್ಚಾಗಬೇಕು? ಎರಡನೆಯದು ನೋಂದಣಿ ಶುಲ್ಕ, ನೀನು ಬರೆದಂತೆ 3,000 ರೂಪಾಯಿ. ಮೂರನೆಯದು ರೈಲಿಗೆ 1,100, ಒಂದು ರಾತ್ರಿಯ ವಸತಿಗೆ 1,200, ಪೋಸ್ಟರ್ ಮುದ್ರಣಕ್ಕೆ 600. ಶುಲ್ಕವೂ ಸೇರಿ ಒಟ್ಟು 5,900. ಹೀಗೆ ಬಿಡಿಬಿಡಿಯಾಗಿದ್ದರೆ ಮೂರನೆಯದನ್ನು ಹೊಡೆದುಹಾಕಿ ಉಳಿದೆರಡಕ್ಕೆ ಸಹಿ ಮಾಡಬಹುದು. ಮೊತ್ತ ಒಂದೇ ಆಗಿದ್ದರೆ ಇಡೀ ಪತ್ರಕ್ಕೇ ‘ಇಲ್ಲ’ ಬೀಳುವ ಭಯವಿದೆ. ಮುಂಗಡ ಬೇಕೋ, ಬಿಲ್ ಕೊಟ್ಟ ಮೇಲೆ ಸಾಕೋ, ಅದನ್ನೂ ಬರೆ. ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಅವರ್ ಸಿಗುತ್ತದೆ ಎಂಬ ಸಾಲು ತೆಗೆದುಬಿಡು. ಅದು ಬೇಕಾಗಿರುವುದು ನಿನಗೆ, ಅವರಿಗಲ್ಲ.

ಇನ್ನು ನಿನ್ನ ಕರಡಿನಲ್ಲಿ ಇಲ್ಲವೇ ಇಲ್ಲದ ಒಂದು ವಿಷಯ. ‘ನಮ್ಮ ಆಸ್ಪತ್ರೆಯಲ್ಲಿ ಕೈ ಬಾತುಕೊಳ್ಳುವುದನ್ನು ಊರಿಗೆಲ್ಲ ತೋರಿಸುತ್ತಾಳಾ?’ ಎಂಬ ಅಳುಕು ಆಡಳಿತಾಧಿಕಾರಿಗೆ ಬಂದೇ ಬರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಫೈಲು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಎಥಿಕ್ಸ್ ಕಮಿಟಿಯ ಅನುಮತಿ ಪತ್ರದ ಪ್ರತಿ ಲಗತ್ತಿಸು. ಪೋಸ್ಟರಿನ ಕರಡನ್ನೂ ಇಟ್ಟು, ಆಸ್ಪತ್ರೆಯ ಹೆಸರು ಹಾಕಬಹುದೇ ಎಂದು ನೀನೇ ಕೇಳು. ರೋಗಿಯ ಕೈಯ ಫೋಟೋ ಇದ್ದರೆ ಅವರ ಲಿಖಿತ ಒಪ್ಪಿಗೆ ಇರಲೇಬೇಕು. ಇಲ್ಲವಾದರೆ ಫೋಟೋ ತೆಗೆದುಹಾಕು.

ಅಂಕಿಯಲ್ಲೂ ಒಂದು ಎಡವಟ್ಟು ಇದೆ. ವಿ.ಐ.ಪಿ. ಸ್ಕೋರಿನಲ್ಲಿ 2 ಅಥವಾ ಹೆಚ್ಚು ಬಂದದ್ದನ್ನು ಫ್ಲೆಬೈಟಿಸ್ ಎಂದು ಎಣಿಸಿದ್ದೀಯ, ಅದು ಸರಿ. ಮೊದಲು 120 ಕ್ಯಾನುಲಾದಲ್ಲಿ 22. ಡ್ರೆಸ್ಸಿಂಗ್ ಮೇಲೆ ತಾರೀಖು ಬರೆದು, ಪ್ರತಿ ಶಿಫ್ಟಿನಲ್ಲೂ ನೋಡತೊಡಗಿದ ಮೇಲೆ 110ರಲ್ಲಿ 11. ‘ಅರ್ಧಕ್ಕೆ ಇಳಿಯಿತು’ ಎಂದು ಬರೆದಿದ್ದೀಯ. 22 ಹೋಗಿ 11 ಆಯಿತು ನಿಜ, ಆದರೆ ನೂರಕ್ಕೆ ಲೆಕ್ಕ ಹಾಕಿದರೆ 18 ಇದ್ದದ್ದು 10 ಆಗಿದೆ. ಅಷ್ಟನ್ನೇ ಬರೆ. ಎರಡೂ ಅವಧಿಯ ರೋಗಿಗಳು ಬೇರೆ, ಕೊಟ್ಟ ಔಷಧಿಗಳೂ ಬೇರೆ ಇರಬಹುದು. ಇಳಿದದ್ದೆಲ್ಲ ನಿನ್ನ ತಪಾಸಣೆಯಿಂದಲೇ ಎಂದು ಹೇಳಲು ಬರುವುದಿಲ್ಲ. ಕಡತ ನೋಡುವವರಲ್ಲಿ ವೈದ್ಯರೂ ಇರುತ್ತಾರೆ. ಒಂದು ಅಂಕಿ ಉಬ್ಬಿಸಿದ್ದು ಕಂಡರೆ ಉಳಿದದ್ದನ್ನೂ ನಂಬುವುದಿಲ್ಲ.

ಬಂದ ಮೇಲೆ ಏನು ಕೊಡುತ್ತೀಯ ಎಂಬುದಕ್ಕೆ ‘ಜ್ಞಾನ ಹಂಚಿಕೊಳ್ಳುತ್ತೇನೆ’ ಎಂದಿದ್ದೀಯ. ಬದಲಿಗೆ, ‘ಹಿಂದಿರುಗಿದ 10 ದಿನದೊಳಗೆ ಬಿಲ್ಲು, ಹಾಜರಾತಿ ಪ್ರಮಾಣಪತ್ರ ಸಲ್ಲಿಸಿ, ಸರ್ಜಿಕಲ್ ಮತ್ತು ಮೆಡಿಕಲ್ ವಾರ್ಡಿನ ಸಿಬ್ಬಂದಿಗೆ ಕ್ಯಾನುಲಾ ತಪಾಸಣೆ ಬಗ್ಗೆ ಒಂದು ಗಂಟೆಯ ತರಗತಿ ತೆಗೆದುಕೊಳ್ಳುತ್ತೇನೆ’ ಎಂದು ಬರೆ.

ಎಲ್ಲ ಸೇರಿ ಒಂದು ಪುಟ ದಾಟದಿರಲಿ. ತಿದ್ದಿ ನನಗೆ ಕಳಿಸು, ಕೊಡುವ ಮೊದಲು ಇನ್ನೊಮ್ಮೆ ನೋಡುತ್ತೇನೆ. ಬದಲಿ ಡ್ಯೂಟಿಗೆ ಒಪ್ಪುವವರನ್ನು ಮಾತ್ರ ಇವತ್ತೇ ಕೇಳಿಬಿಡು.

ನಿನ್ನ ಅಕ್ಕ