ಮೂವತ್ತು ಸಾವಿರ ಎಂದರು, ಕೈಗೆ ಬಂದದ್ದು ಇಷ್ಟೇ!

ಬೆಂಗಳೂರಿನ ನಿಮ್ಮ ಕಂಪನಿ ಮೋಸವನ್ನೇನೂ ಮಾಡಿಲ್ಲ. ಆಫರ್ ಲೆಟರಿನಲ್ಲಿದ್ದ 30,000 ರೂಪಾಯಿ ಸಂಬಳವಲ್ಲ, ನಿಮಗಾಗಿ ಕಂಪನಿ ತಿಂಗಳಿಗೆ ಮಾಡುವ ಒಟ್ಟು ಖರ್ಚು, ಅಂದರೆ ಸಿಟಿಸಿ. ಇದನ್ನು ಮೊದಲೇ ಬಿಡಿಸಿ ಹೇಳುವ ಎಚ್‌ಆರ್‌ಗಳು ಕಡಿಮೆ.

ನಿಮ್ಮ ಬೇಸಿಕ್ 15,000. ಅದರ ಶೇ 12, ಅಂದರೆ 1,800 ರೂಪಾಯಿಯನ್ನು ಕಂಪನಿ ತನ್ನ ಪಾಲಿನ ಪಿಎಫ್ ಎಂದು ಕಟ್ಟುತ್ತದೆ. ಗ್ರಾಚ್ಯುಟಿಗೆಂದು 721 ರೂಪಾಯಿ ಲೆಕ್ಕ ಹಿಡಿದಿದೆ. ಇವೆರಡನ್ನೂ ಕಳೆದರೆ ಉಳಿಯುವ 27,479 ನಿಮ್ಮ ಗ್ರಾಸ್. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800, ರಾಜ್ಯ ಸರ್ಕಾರದ ವೃತ್ತಿ ತೆರಿಗೆ 200. ಬ್ಯಾಂಕಿಗೆ ಬಿದ್ದ 25,479 ನೆಟ್. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಆಗುತ್ತದೆ, ಗಾಬರಿಯಾಗಬೇಡಿ.

ಪಿಎಫ್ ನಿಮ್ಮದೇ ದುಡ್ಡು. ಆದರೆ ಕಂಪನಿಯ 1,800ರಲ್ಲಿ ಸುಮಾರು 1,250 ಪಿಂಚಣಿ ನಿಧಿಗೆ ಹೋಗುವುದರಿಂದ ಪಾಸ್‌ಬುಕ್ಕಿನಲ್ಲಿ ಎರಡು ಪಾಲೂ ಸಮನಾಗಿ ಕಾಣುವುದಿಲ್ಲ. ಗ್ರಾಚ್ಯುಟಿಯ ಕಥೆ ಬೇರೆ. ಆ 721 ನಿಮ್ಮ ಹೆಸರಿನ ಯಾವ ಖಾತೆಗೂ ಜಮೆಯಾಗುವುದಿಲ್ಲ. ಕಾಯಂ ನೌಕರರು ಸಾಮಾನ್ಯವಾಗಿ ಐದು ವರ್ಷ ಪೂರೈಸಿ ಬಿಟ್ಟರೆ ಮಾತ್ರ ಸಿಗುತ್ತದೆ. ಎರಡೇ ವರ್ಷಕ್ಕೆ ಕೆಲಸ ಬದಲಿಸುವ ಯೋಚನೆಯಿದ್ದರೆ ಅದನ್ನು ಸಂಬಳವೆಂದು ಎಣಿಸಬೇಡಿ.

ನಿಜವಾಗಿ ನೋಡಬೇಕಾದದ್ದು ಇನ್ನೊಂದಿದೆ. ಸಂಬಳದಲ್ಲಿ ಪಿಎಫ್ ಮುರಿದುಕೊಂಡು ಕಟ್ಟದೆ ಇರುವ ಕಂಪನಿಗಳೂ ಇವೆ. ಕಟ್ಟಲು ಮುಂದಿನ ತಿಂಗಳ 15ರವರೆಗೆ ಗಡುವು. ಪೇಸ್ಲಿಪ್ಪಿನಲ್ಲಿರುವ ಯುಎಎನ್ ಸಂಖ್ಯೆ ಬಳಸಿ, ಆ ಮುಂದಿನ ತಿಂಗಳ ಕೊನೆಯಲ್ಲಿ ಇಪಿಎಫ್‌ಒ ಪಾಸ್‌ಬುಕ್ ತೆರೆದು ನೋಡಿ. ಜಮೆಯಾಗಿಲ್ಲದಿದ್ದರೆ ಎಚ್‌ಆರ್‌ಗೆ ಇಮೇಲಿನಲ್ಲೇ ಕೇಳಿ.